ಮೊದಲ ದಿನದ ಏರಿಕೆಗೆ ಹಣ ಕೊಟ್ಟವರು ಯಾರು?

ಎಲ್ಲರಿಗೂ ನಮಸ್ಕಾರ. ಒಂದು ಲೆಕ್ಕದಿಂದಲೇ ಶುರು ಮಾಡುತ್ತೇನೆ. 2011ರ ಮೇ 18ರಂದು ಲಿಂಕ್ಡ್‌ಇನ್ ಕಂಪನಿಯ ಮೊದಲ ಸಾರ್ವಜನಿಕ ಷೇರು ನೀಡಿಕೆಗೆ, ಅಂದರೆ ಐಪಿಒಗೆ, ಬೆಲೆ ನಿಗದಿಯಾಯಿತು. ಷೇರಿಗೆ 45 ಡಾಲರ್. ಮಾರಿದ್ದು 78.4 ಲಕ್ಷ ಷೇರು, ಬಂದದ್ದು ಸುಮಾರು 35.3 ಕೋಟಿ ಡಾಲರ್. ಮರುದಿನ ನ್ಯೂಯಾರ್ಕ್ ಷೇರು ವಿನಿಮಯ ಕೇಂದ್ರದಲ್ಲಿ ಅದೇ ಷೇರಿನ ವಹಿವಾಟು 83 ಡಾಲರಿಗೆ ಶುರುವಾಯಿತು, ಸಂಜೆ 94.25ಕ್ಕೆ ನಿಂತಿತು.

ಈಗ 94.25ರಿಂದ 45 ಕಳೆಯಿರಿ. ಷೇರಿಗೆ 49.25 ಡಾಲರ್ ವ್ಯತ್ಯಾಸ. ಅದನ್ನು 78.4 ಲಕ್ಷದಿಂದ ಗುಣಿಸಿದರೆ ಸುಮಾರು 38.6 ಕೋಟಿ ಡಾಲರ್. ಮಾರಿದವರ ಕೈಗೆ ಬಂದ ಹಣಕ್ಕಿಂತ ಅವರ ಕೈತಪ್ಪಿದ ಹಣವೇ ಹೆಚ್ಚು. ಒಂದು ರಾತ್ರಿ ಕಳೆಯುವುದರೊಳಗೆ ಆ ಮೊತ್ತ 45 ಡಾಲರಿಗೆ ಷೇರು ಸಿಕ್ಕವರ ಪಾಲಾಗಿತ್ತು. ಇಂಥ ದಿನಗಳಲ್ಲಿ ‘ಭರ್ಜರಿ ಲಿಸ್ಟಿಂಗ್’ ಎಂದು ಸುದ್ದಿಯಾಗುತ್ತದೆ. ಮನೆ ಮಾರಿದವರು ಮರುದಿನವೇ ಅದೇ ಮನೆ ದುಪ್ಪಟ್ಟು ಬೆಲೆಗೆ ಹೋಯಿತೆಂದು ಕೇಳಿದರೆ ಹೊಟ್ಟೆ ಉರಿದುಕೊಳ್ಳುತ್ತಾರೆ. ಷೇರು ಮಾರಿದವರು ಮಾತ್ರ ಗಂಟೆ ಬಾರಿಸಿ ಸಂಭ್ರಮಿಸುತ್ತಾರೆ. ಇದು ಏಕೆ ಹೀಗೆ ಎಂಬುದೇ ಇವತ್ತಿನ ನನ್ನ ವಿಷಯ.

ಲಿಂಕ್ಡ್‌ಇನ್ ಒಂದು ಅಪವಾದವೆಂದು ತಿಳಿಯಬೇಡಿ. ಅಷ್ಟು ದೊಡ್ಡ ಅಂತರ ಅಪರೂಪ, ಆದರೆ ಅಂತರ ಇರುವುದು ಅಪರೂಪವಲ್ಲ. ಟಿಮ್ ಲೌಗ್ರನ್ ಮತ್ತು ಜೇ ರಿಟ್ಟರ್ ಎಂಬ ಇಬ್ಬರು ಹಣಕಾಸು ಪ್ರಾಧ್ಯಾಪಕರು ಅಮೆರಿಕದ ಅಂಕಿ ಅಂಶಗಳನ್ನು ದಶಕಗಟ್ಟಲೆ ಕಲೆಹಾಕಿದ್ದಾರೆ. ಮೊದಲ ದಿನದ ಸರಾಸರಿ ಏರಿಕೆ 1980ರ ದಶಕದಲ್ಲಿ ಸುಮಾರು ಶೇ. 7 ಇತ್ತು, 1990ರಿಂದ 1998ರವರೆಗೆ ಶೇ. 15, ಇಂಟರ್ನೆಟ್ ಹುಚ್ಚಿನ 1999 ಮತ್ತು 2000ರಲ್ಲಿ ಶೇ. 65. ಒಂದೆರಡು ಕಂಪನಿಗಳ ಬೆಲೆ ತಪ್ಪಿದ್ದರೆ ಅದನ್ನು ಅಂದಾಜಿನ ದೋಷ ಎನ್ನಬಹುದು. ಅಂದಾಜು ತಪ್ಪುವುದಾದರೆ ಎರಡೂ ಕಡೆಗೆ ತಪ್ಪಬೇಕು. ವರ್ಷಗಟ್ಟಲೆ ಸರಾಸರಿಯಲ್ಲಿ ಒಂದೇ ಕಡೆಗೆ ವಾಲುತ್ತಿದೆ ಎಂದರೆ ಅದನ್ನು ದೋಷ ಎನ್ನಲಾಗದು. ಅದೊಂದು ಪಾವತಿ. ಯಾರಿಗೆ, ಏತಕ್ಕೆ ಎಂದು ತಿಳಿಯಬೇಕಾದರೆ ಬೆಲೆ ಹುಟ್ಟುವ ಜಾಗಕ್ಕೆ ಹೋಗಬೇಕು. ಆ ಜಾಗದ ಹೆಸರು ‘ಬುಕ್’.

ಬುಕ್ ಬಿಲ್ಡಿಂಗ್ ಎಂದರೆ ಬೇಡಿಕೆಯ ಪುಸ್ತಕ ಕಟ್ಟುವುದು. ಕಂಪನಿ ಒಂದು ಹೂಡಿಕೆ ಬ್ಯಾಂಕನ್ನು ಲೀಡ್ ಮ್ಯಾನೇಜರ್ ಆಗಿ ನೇಮಿಸುತ್ತದೆ. ಬ್ಯಾಂಕು ಕಂಪನಿಯ ಲೆಕ್ಕಪತ್ರ ನೋಡಿ, ಅದೇ ಉದ್ಯಮದಲ್ಲಿ ಈಗಾಗಲೇ ಪೇಟೆಯಲ್ಲಿರುವ ಕಂಪನಿಗಳಿಗೆ ಹೋಲಿಸಿ, ಒಂದು ಬೆಲೆಯ ಬ್ಯಾಂಡ್ ಹೇಳುತ್ತದೆ. ಆಮೇಲೆ ರೋಡ್ ಶೋ. ಕಂಪನಿಯ ಮುಖ್ಯಸ್ಥರು ಒಂದೆರಡು ವಾರ ಮ್ಯೂಚುವಲ್ ಫಂಡ್, ಪಿಂಚಣಿ ನಿಧಿ, ವಿಮಾ ಕಂಪನಿಗಳನ್ನು ಒಂದೊಂದಾಗಿ ಭೇಟಿಯಾಗುತ್ತಾರೆ. ಭೇಟಿ ಮುಗಿದ ಮೇಲೆ ಬ್ಯಾಂಕಿನವರು ಫಂಡ್ ಮ್ಯಾನೇಜರಿಗೆ ಫೋನ್ ಮಾಡಿ ‘ಎಷ್ಟು ಬೇಕು, ಯಾವ ಬೆಲೆಯವರೆಗೆ?’ ಎಂದು ಕೇಳುತ್ತಾರೆ. ಉತ್ತರ ಬುಕ್ಕಿಗೆ ಸೇರುತ್ತದೆ. ಕೆಲವರು ‘ಬೆಲೆ ಎಷ್ಟಾದರೂ ಆಗಲಿ, ಇಷ್ಟು ಬೇಕು’ ಎನ್ನುತ್ತಾರೆ. ಕೆಲವರು ಮಿತಿ ಹಾಕುತ್ತಾರೆ. ಇನ್ನು ಕೆಲವರು ಮೆಟ್ಟಿಲು ಮೆಟ್ಟಿಲಾಗಿ, ಈ ಬೆಲೆಗಾದರೆ ಇಷ್ಟು, ಆ ಬೆಲೆಗಾದರೆ ಅಷ್ಟು ಎಂದು ಬರೆಸುತ್ತಾರೆ. ಅಮೆರಿಕದ ಪದ್ಧತಿಯಲ್ಲಿ ಇವು ಬರೀ ಇಂಗಿತಗಳು, ಕರಾರಲ್ಲ. ವಹಿವಾಟು ಶುರುವಾಗುವ ಹಿಂದಿನ ಸಂಜೆ ಬ್ಯಾಂಕಿನವರೂ ಕಂಪನಿಯವರೂ ಕೂತು ಬೆಲೆ ತೀರ್ಮಾನಿಸುತ್ತಾರೆ, ಅದೇ ರಾತ್ರಿ ಯಾರಿಗೆ ಎಷ್ಟು ಎಂಬ ಹಂಚಿಕೆಯೂ ಆಗುತ್ತದೆ.

ಒಂದು ಬುಕ್ಕನ್ನು ಬಿಡಿಸಿ ನೋಡೋಣ. ಇದು ನಾನು ಉದಾಹರಣೆಗೆಂದು ಕಟ್ಟಿದ್ದು. ಕಂಪನಿ 1 ಕೋಟಿ ಷೇರು ಮಾರುತ್ತಿದೆ. ಮೊದಲ ಬ್ಯಾಂಡ್ 17ರಿಂದ 19 ಡಾಲರ್. ರೋಡ್ ಶೋ ಚೆನ್ನಾಗಿ ನಡೆದದ್ದರಿಂದ ಬ್ಯಾಂಡನ್ನು 19ರಿಂದ 22ಕ್ಕೆ ಏರಿಸಿದ್ದಾರೆ. ಕೊನೆಯ ಸಂಜೆ ಬುಕ್ಕಿನಲ್ಲಿ ಹೀಗಿದೆ: ಬೆಲೆಯ ಮಿತಿಯಿಲ್ಲದೆ ಕೇಳಿದ್ದು 70 ಲಕ್ಷ ಷೇರು. 22ರವರೆಗೆ ಕೊಡುತ್ತೇವೆ ಎಂದವರದು ಇನ್ನೂ 40 ಲಕ್ಷ. 21ರವರೆಗೆ ಎಂದವರದು 60 ಲಕ್ಷ, 20ರವರೆಗೆ ಎಂದವರದು 80 ಲಕ್ಷ, 19ಕ್ಕೆ ಮಾತ್ರ ಎಂದವರದು 50 ಲಕ್ಷ. ಮೇಲಿನಿಂದ ಕೂಡಿಸುತ್ತಾ ಬನ್ನಿ. 22 ಡಾಲರಿಗೇ 1 ಕೋಟಿ 10 ಲಕ್ಷ ಷೇರಿಗೆ ಬೇಡಿಕೆ ಇದೆ. 20ಕ್ಕೆ 2 ಕೋಟಿ 50 ಲಕ್ಷ, ಅಂದರೆ ಎರಡೂವರೆ ಪಟ್ಟು.

ಬರೀ ಕೂಡುವ ಲೆಕ್ಕ ಕೇಳಿದರೆ ಉತ್ತರ 22. ಇರುವುದು 1 ಕೋಟಿ, ಕೇಳಿದ್ದು ಅದಕ್ಕಿಂತ ಹೆಚ್ಚು, ಮಾರಿಬಿಡಿ. ಆದರೆ ಬ್ಯಾಂಕು 20 ಎನ್ನುತ್ತದೆ. ಕಂಪನಿಯ ಸ್ಥಾಪಕರಿಗೆ ಆ ಕ್ಷಣದಲ್ಲಿ ಅನುಮಾನ ಬರುವುದು ಸಹಜ. ಬ್ಯಾಂಕು ಕೊಡುವ ಮೊದಲ ಕಾರಣ ಮಾತ್ರ ನ್ಯಾಯವಾದದ್ದು, ಅದನ್ನು ಅರ್ಥಮಾಡಿಕೊಳ್ಳಬೇಕು.

ಬುಕ್ಕಿನಲ್ಲಿರುವ ಸಂಖ್ಯೆಗಳು ನಿಜವಾದ ಬೇಡಿಕೆಯಲ್ಲ. ಒಂದು ಫಂಡಿಗೆ ಬೇಕಾಗಿರುವುದು 2 ಲಕ್ಷ ಷೇರು ಎನ್ನಿ. ಬೇಡಿಕೆ ಜೋರಾಗಿದೆ, ಕೇಳಿದ್ದರಲ್ಲಿ ಐದನೇ ಒಂದು ಪಾಲು ಸಿಕ್ಕರೆ ಹೆಚ್ಚು ಎಂದು ಅದಕ್ಕೆ ಗೊತ್ತಿದ್ದರೆ ಅದು 10 ಲಕ್ಷ ಕೇಳುತ್ತದೆ. ಎಲ್ಲರೂ ಹೀಗೆಯೇ ಉಬ್ಬಿಸುತ್ತಾರೆ. ಒಬ್ಬರು ಉಬ್ಬಿಸಿದ್ದು ಇನ್ನೊಬ್ಬರು ಉಬ್ಬಿಸಲು ಕಾರಣವಾಗುತ್ತದೆ. ‘ಐವತ್ತು ಪಟ್ಟು ಬೇಡಿಕೆ ಬಂತು’ ಎಂಬ ಸುದ್ದಿ ಓದಿದಾಗ ಐವತ್ತರಲ್ಲಿ ಎಷ್ಟು ಭಾಗ ಇಂಥ ಉಬ್ಬರ ಎಂದು ಕೇಳಿಕೊಳ್ಳಿ. ಉಬ್ಬಿದ ಬುಕ್ಕನ್ನು ನಂಬಿ 22ಕ್ಕೆ ಮಾರಿ, ಎಲ್ಲರಿಗೂ ಕೇಳಿದಷ್ಟೂ ಕೊಟ್ಟರೆ ಏನಾಗುತ್ತದೆ? 2 ಲಕ್ಷ ಬೇಕಿದ್ದವನ ಕೈಗೆ 10 ಲಕ್ಷ ಬರುತ್ತದೆ. ಬೆಳಗಾಗುತ್ತಲೇ 8 ಲಕ್ಷ ಮಾರಾಟಕ್ಕಿಡುತ್ತಾನೆ. ಅದರ ಜೊತೆಗೆ, ಮಿತಿಯಿಲ್ಲದೆ ಕೇಳಿದ ಆ 70 ಲಕ್ಷದಲ್ಲಿ ಮೊದಲ ಗಂಟೆಯಲ್ಲೇ ಮಾರಿ ಹೊರಡುವವರು ಎಷ್ಟೋ ಇರುತ್ತಾರೆ. ಬೆಲೆ ಯಾವುದಾದರೂ ಸರಿ ಎನ್ನುವವರಲ್ಲಿ ಕಂಪನಿಯ ಮೇಲೆ ಅಪಾರ ನಂಬಿಕೆ ಇರುವವರೂ ಇರುತ್ತಾರೆ, ಕಂಪನಿ ಏನು ಮಾಡುತ್ತದೆಂದೇ ನೋಡದವರೂ ಇರುತ್ತಾರೆ. ಅನುಭವಸ್ಥ ಬ್ಯಾಂಕರ್ ಬುಕ್ಕಿನ ಒಂದೊಂದು ಸಾಲನ್ನೂ ಹೆಸರು ನೋಡಿ ತೂಗುತ್ತಾನೆ. 22ರ ಮಟ್ಟದಲ್ಲಿರುವ 1 ಕೋಟಿ 10 ಲಕ್ಷ ಅವನ ತೂಕಕ್ಕೆ ಬಿದ್ದ ಮೇಲೆ 60 ಲಕ್ಷಕ್ಕೆ ಇಳಿಯಬಹುದು. 21ರಲ್ಲಿ ಎಲ್ಲ ಸೇರಿ 1 ಕೋಟಿಯ ಅಂಚಿಗೆ ಬರಬಹುದು. ಅಂಚಿನಲ್ಲಿ ಮಾರಲು ಯಾರಿಗೂ ಧೈರ್ಯವಿರುವುದಿಲ್ಲ, ಆದ್ದರಿಂದ 20.

ಇಲ್ಲಿಗೆ ನಿಂತಿದ್ದರೆ ಷೇರು ಮರುದಿನ 21ರ ಆಸುಪಾಸಿನಲ್ಲಿ ಇರಬೇಕಿತ್ತು. ಆದರೆ ನಮ್ಮ ಉದಾಹರಣೆಯಲ್ಲಿ ಅದು 23ಕ್ಕೆ ಮುಗಿಯಿತು ಎಂದಿಟ್ಟುಕೊಳ್ಳಿ. ತೂಕ ಹಾಕಿ ನೋಡಿದ ಬುಕ್ಕಿನಲ್ಲಿ 21ಕ್ಕೆ ಮೇಲೆ ಇಷ್ಟು ಬೇಡಿಕೆಯೇ ಇರಲಿಲ್ಲವಲ್ಲ, ಇವರೆಲ್ಲ ಎಲ್ಲಿದ್ದರು? ಒಂದಿಷ್ಟು ಜನ ಹೊರಗಿದ್ದರು. ಆದರೆ ಬಹಳಷ್ಟು ಮಂದಿ ಬುಕ್ಕಿನ ಒಳಗೇ ಇದ್ದರು, ನಿಜ ಹೇಳಿರಲಿಲ್ಲ ಅಷ್ಟೆ. ಈ ವಿಷಯದ ತಿರುಳು ಇದೇ ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಒಬ್ಬ ಫಂಡ್ ಮ್ಯಾನೇಜರ್ ಕಂಪನಿಯನ್ನು ಆಳವಾಗಿ ಅಧ್ಯಯನ ಮಾಡಿದ್ದಾಳೆ. ಗ್ರಾಹಕರೊಂದಿಗೆ ಮಾತಾಡಿದ್ದಾಳೆ, ಪ್ರತಿಸ್ಪರ್ಧಿಗಳ ಲೆಕ್ಕ ನೋಡಿದ್ದಾಳೆ. ಅವಳ ಲೆಕ್ಕದಲ್ಲಿ ಷೇರಿನ ಯೋಗ್ಯತೆ 23 ಡಾಲರ್. ಬ್ಯಾಂಕಿನವರು ಫೋನ್ ಮಾಡಿ ‘ನಿಮ್ಮ ಅಂದಾಜು ಎಷ್ಟು?’ ಎಂದು ಕೇಳಿದಾಗ ಅವಳು 23 ಎಂದು ಏಕೆ ಹೇಳಬೇಕು? ಹೇಳಿದರೆ ಬೆಲೆ ಏರುತ್ತದೆ, ಏರಿದ ಬೆಲೆಯನ್ನು ಅವಳೇ ತೆರಬೇಕು. 18 ಎಂದು ಸುಮ್ಮನಿದ್ದುಬಿಟ್ಟರೆ ಅಗ್ಗಕ್ಕೆ ಸಿಗಬಹುದು. ಕೊಳ್ಳುವವರ ಬಾಯಿಂದಲೇ ಸರಕಿನ ನಿಜಬೆಲೆ ಹೊರಡಿಸಬೇಕಾದ ಕಷ್ಟ ಇದು.

ಲಾರೆನ್ಸ್ ಬೆನ್‌ವೆನಿಸ್ಟ್ ಮತ್ತು ಪಾಲ್ ಸ್ಪಿಂಡ್ಟ್ ಎಂಬ ಅರ್ಥಶಾಸ್ತ್ರಜ್ಞರು 1989ರಲ್ಲಿ ಈ ಗಂಟನ್ನು ಬಿಡಿಸಿದರು. ಬ್ಯಾಂಕಿನ ಕೈಯಲ್ಲಿ ಎರಡು ಹಿಡಿಗಳಿವೆ, ಬೆಲೆ ಮತ್ತು ಹಂಚಿಕೆ. ನಿಜ ಹೇಳಿದವರಿಗೆ ಹೆಚ್ಚು ಷೇರು ಕೊಡಬೇಕು, ಮುಚ್ಚಿಟ್ಟವರಿಗೆ ಕಡಿಮೆ ಕೊಡಬೇಕು. ಆದರೆ ಹೆಚ್ಚು ಷೇರು ಸಿಕ್ಕುವುದು ಬಹುಮಾನವಾಗಬೇಕಾದರೆ ಆ ಷೇರಿನಲ್ಲಿ ಲಾಭ ಉಳಿದಿರಬೇಕು. ನಮ್ಮ ಫಂಡ್ ಮ್ಯಾನೇಜರಿನ ಲೆಕ್ಕ ಹಾಕಿ. ಅವಳು ಮುಚ್ಚಿಟ್ಟರೆ ಬೆಲೆ 18ರಲ್ಲಿ ಉಳಿಯುತ್ತದೆ, ಆದರೆ ಅವಳಿಗೆ ಸಿಗುವುದು 4 ಲಕ್ಷ ಷೇರು. ಷೇರಿಗೆ 5 ಡಾಲರಿನಂತೆ 20 ಲಕ್ಷ ಡಾಲರ್ ಲಾಭ. ನಿಜ ಹೇಳಿದರೆ ಬೆಲೆ 20ಕ್ಕೆ ಏರುತ್ತದೆ, ಅವಳಿಗೆ 10 ಲಕ್ಷ ಷೇರು ಸಿಗುತ್ತದೆ. ಷೇರಿಗೆ 3 ಡಾಲರಿನಂತೆ 30 ಲಕ್ಷ ಡಾಲರ್ ಲಾಭ. ನಿಜವೇ ಲಾಭದಾಯಕ. ಇನ್ನು ಬ್ಯಾಂಕು ಅವಳ ಮಾತು ಕೇಳಿಕೊಂಡು ಬೆಲೆಯನ್ನು ನೇರವಾಗಿ 23ಕ್ಕೇ ಏರಿಸಿತು ಎನ್ನಿ. 10 ಲಕ್ಷ ಸಿಕ್ಕರೂ 20 ಲಕ್ಷ ಸಿಕ್ಕರೂ ಅವಳ ಲಾಭ ಸೊನ್ನೆ. ಮುಂದಿನ ಸಲ ಅವಳು ಬಾಯಿ ಬಿಡುವುದಿಲ್ಲ, ಅವಳನ್ನು ನೋಡಿದ ಇನ್ನೊಬ್ಬರೂ ಬಿಡುವುದಿಲ್ಲ. ಆದ್ದರಿಂದ ಬೆಲೆ 18ರಿಂದ 23ರ ಪೂರ್ತಿ ದಾರಿ ನಡೆಯದೆ 20ರಲ್ಲಿ ನಿಲ್ಲುತ್ತದೆ. ಉಳಿದ 3 ಡಾಲರ್ ಸುದ್ದಿಗೆ ಕೊಟ್ಟ ಸಂಬಳ.

ಈ ವಾದ ನಿಜವಾದರೆ ಅದರಿಂದ ಪರೀಕ್ಷೆಗೆ ಸಿಗುವ ಒಂದು ಮಾತು ಹೊರಡುತ್ತದೆ. ಒಳ್ಳೆಯ ಸುದ್ದಿ ಹೆಚ್ಚಾಗಿ ಬಂದ ನೀಡಿಕೆಗಳಲ್ಲಿ ಅಂತಿಮ ಬೆಲೆ ಮೂಲ ಬ್ಯಾಂಡಿಗಿಂತ ಮೇಲೆ ಹೋಗಿರುತ್ತದೆ. ಸಂಬಳವೂ ಅಲ್ಲೇ ಹೆಚ್ಚು ಕೊಟ್ಟಿರಬೇಕಾದ್ದರಿಂದ ಮೊದಲ ದಿನದ ಏರಿಕೆಯೂ ಅಲ್ಲೇ ಹೆಚ್ಚಿರಬೇಕು. ಕ್ಯಾಥ್ಲೀನ್ ಹ್ಯಾನ್ಲಿ 1993ರಲ್ಲಿ ತೋರಿಸಿದ್ದು ಇದನ್ನೇ. ಲೌಗ್ರನ್ ಮತ್ತು ರಿಟ್ಟರ್ ಅವರ 1990ರಿಂದ 1998ರ ಲೆಕ್ಕದಲ್ಲಿ, ಮೂಲ ಬ್ಯಾಂಡಿಗಿಂತ ಕೆಳಗೆ ಬೆಲೆ ನಿಗದಿಯಾದ ಕಂಪನಿಗಳ ಷೇರು ಮೊದಲ ದಿನ ಸರಾಸರಿ ಸುಮಾರು ಶೇ. 4 ಏರಿತು, ಬ್ಯಾಂಡಿನ ಒಳಗಿದ್ದವು ಶೇ. 11, ಬ್ಯಾಂಡ್ ದಾಟಿದವು ಶೇ. 32. ಬೆಲೆ ಈಗಾಗಲೇ ಏರಿಸಿದ್ದಾರಲ್ಲ, ಇನ್ನೇನು ಉಳಿದಿದೆ ಎಂದು ನಮ್ಮ ಸಾಮಾನ್ಯ ಬುದ್ಧಿ ಹೇಳುತ್ತದೆ. ಅಂಕಿಗಳು ತದ್ವಿರುದ್ಧ ಹೇಳುತ್ತವೆ. ಏರಿಸಿದ್ದು ಅರ್ಧ ದಾರಿ ಮಾತ್ರ.

ಲಿಂಕ್ಡ್‌ಇನ್‌ಗೆ ವಾಪಸ್ ಬನ್ನಿ. ಅದರ ಮೊದಲ ಬ್ಯಾಂಡ್ 32ರಿಂದ 35 ಡಾಲರ್. ನಡುಬೆಲೆ 33.50. ಆಮೇಲೆ ಬ್ಯಾಂಡನ್ನು 42ರಿಂದ 45ಕ್ಕೆ ಏರಿಸಿ, ಅದರ ತುತ್ತತುದಿಯಲ್ಲಿ ಬೆಲೆ ನಿಲ್ಲಿಸಿದರು. ಒಂದೇ ವಾರದಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಏರಿಕೆ. ಆ ಮೇಲೂ ಷೇರು ಶೇ. 109 ಜಿಗಿಯಿತು. ದಿಕ್ಕು ಸಿದ್ಧಾಂತ ಹೇಳಿದ್ದೇ. ಆದರೆ ಪ್ರಮಾಣ? ಸುದ್ದಿಗೆ ಸಂಬಳ ಕೊಡಬೇಕು, ಒಪ್ಪಿದೆ. ಆದರೆ ಒಂದೆರಡು ವಾರದ ಅಭಿಪ್ರಾಯಕ್ಕೆ 38 ಕೋಟಿ ಡಾಲರ್ ಸಂಬಳವೇ? ಇದನ್ನು ಪೂರ್ತಿಯಾಗಿ ಮಾಹಿತಿಯ ಬೆಲೆ ಎಂದು ಸಮರ್ಥಿಸುವವರನ್ನು ನಾನು ಒಪ್ಪುವುದಿಲ್ಲ. ಆ ದಿನ ಪೇಟೆಯಲ್ಲಿ ಕೊಂಡವರ ಉತ್ಸಾಹವೂ ಅತಿಯಾಗಿತ್ತು ಎನ್ನಬಹುದು, ಅದು ಒಂದು ಭಾಗ. ಇನ್ನೊಂದು ಭಾಗ ಬ್ಯಾಂಕಿನ ಹಿತಾಸಕ್ತಿ.

ಕಂಪನಿ ಐಪಿಒಗೆಂದು ಬ್ಯಾಂಕಿನ ಬಾಗಿಲಿಗೆ ಬರುವುದು ಜನ್ಮದಲ್ಲಿ ಒಮ್ಮೆ. ಫಂಡುಗಳು ಬ್ಯಾಂಕಿನೊಂದಿಗೆ ದಿನವೂ ವಹಿವಾಟು ಮಾಡುತ್ತವೆ, ದಲ್ಲಾಳಿ ಶುಲ್ಕ ಕೊಡುತ್ತವೆ. ಹಂಚಿಕೆಯ ಅಧಿಕಾರ ಬ್ಯಾಂಕಿನದಾದರೆ, ಅಗ್ಗದ ಷೇರು ಯಾರ ಎಲೆಗೆ ಬೀಳಬೇಕೆಂದು ತೀರ್ಮಾನಿಸುವುದೂ ಅದೇ. ಬಡಿಸುವವನು ನಮ್ಮವನಾದರೆ ಕೊನೆಯ ಪಂಕ್ತಿಯಲ್ಲಿ ಕೂತರೂ ಚಿಂತೆಯಿಲ್ಲ ಎನ್ನುತ್ತೇವಲ್ಲ, ಹಾಗೆ. ನಿಜ ಹೇಳಿದ ಫಂಡಿಗೆ ಹೋಗಬೇಕಾದ ಬಹುಮಾನ, ಹೆಚ್ಚು ದಲ್ಲಾಳಿ ಶುಲ್ಕ ಕೊಡುವ ಫಂಡಿಗೆ ಹೋದರೆ ಬುಕ್ಕಿನಲ್ಲಿ ಅದನ್ನು ಗುರುತಿಸುವುದು ಬಹಳ ಕಷ್ಟ. 1999 ಮತ್ತು 2000ದಲ್ಲಿ ಇದು ಹದ್ದು ಮೀರಿತು. ಬೇರೆ ಕಂಪನಿಗಳ ಮುಖ್ಯಸ್ಥರ ಸ್ವಂತ ಖಾತೆಗೆ ಜೋರು ಬೇಡಿಕೆಯ ಐಪಿಒ ಷೇರು ಹಾಕಿ, ಅವರ ಕಂಪನಿಯ ಮುಂದಿನ ಕೆಲಸ ಗಿಟ್ಟಿಸಿಕೊಳ್ಳುವ ಪದ್ಧತಿ ಬೆಳೆಯಿತು. ಅದಕ್ಕೆ ‘ಸ್ಪಿನ್ನಿಂಗ್’ ಎಂದು ಹೆಸರು. 2003ರ ಏಪ್ರಿಲ್‌ನಲ್ಲಿ ಅಮೆರಿಕದ ನಿಯಂತ್ರಕರು ಹತ್ತು ದೊಡ್ಡ ಸಂಸ್ಥೆಗಳೊಂದಿಗೆ ಸುಮಾರು 140 ಕೋಟಿ ಡಾಲರಿನ ಇತ್ಯರ್ಥ ಮಾಡಿಕೊಂಡರು. ಮುಖ್ಯವಾಗಿ ಅದು ಷೇರು ವಿಶ್ಲೇಷಕರ ಪಕ್ಷಪಾತದ ಪ್ರಕರಣ, ಆದರೆ ಅದರ ಜೊತೆಗೇ ಸ್ಪಿನ್ನಿಂಗ್‌ಗೂ ತಡೆ ಬಿತ್ತು. ಕೆಲವು ದೇಶಗಳಲ್ಲಿ ಹಂಚಿಕೆಯ ಬಹುಭಾಗ ನಿಯಮದಿಂದಲೇ ನಿಗದಿಯಾಗಿರುವುದಕ್ಕೆ ಈ ಭಯವೂ ಕಾರಣ. ಬ್ಯಾಂಕಿನ ಕೈ ಕಟ್ಟಿದರೆ ಪಕ್ಷಪಾತ ತಗ್ಗುತ್ತದೆ, ಜೊತೆಗೆ ನಿಜ ಹೇಳಿದವರಿಗೆ ಬಹುಮಾನ ಕೊಡುವ ಶಕ್ತಿಯೂ ಕುಂದುತ್ತದೆ. ಎರಡೂ ಒಟ್ಟಿಗೆ ಬರುವುದಿಲ್ಲ.

ಹಾಗಾದರೆ ಕಳೆದುಕೊಂಡವರು ಏಕೆ ಗಲಾಟೆ ಮಾಡುವುದಿಲ್ಲ? ಲೌಗ್ರನ್ ಮತ್ತು ರಿಟ್ಟರ್ 2002ರಲ್ಲಿ ಬರೆದ ಪ್ರಬಂಧದ ಪ್ರಶ್ನೆಯೇ ಇದು. 1990ರಿಂದ 1998ರವರೆಗೆ ಅಮೆರಿಕದ ಕಂಪನಿಗಳು ಹೀಗೆ ಬಿಟ್ಟುಕೊಟ್ಟದ್ದು 2,700 ಕೋಟಿ ಡಾಲರಿಗೂ ಹೆಚ್ಚು. ಬ್ಯಾಂಕುಗಳಿಗೆ ಕೊಟ್ಟ ಶುಲ್ಕ ಸುಮಾರು 1,300 ಕೋಟಿ. ಕಾಣುವ ಶುಲ್ಕದ ಎರಡು ಪಟ್ಟು ಕಾಣದ ಶುಲ್ಕ. ನಮ್ಮ ಉದಾಹರಣೆಯಲ್ಲೂ ಹಾಗೆಯೇ. 20 ಕೋಟಿ ಡಾಲರಿನ ನೀಡಿಕೆಗೆ ಶೇ. 7ರ ಶುಲ್ಕ 1.4 ಕೋಟಿ, ಮಧ್ಯಮ ಗಾತ್ರದ ಅಮೆರಿಕನ್ ಐಪಿಒಗಳಲ್ಲಿ ಶೇ. 7 ಬಹುಕಾಲದಿಂದ ನಡೆದುಬಂದ ದರ. ಬಿಟ್ಟುಕೊಟ್ಟದ್ದು ಷೇರಿಗೆ 3ರಂತೆ 3 ಕೋಟಿ. ಶುಲ್ಕದಲ್ಲಿ ಅರ್ಧ ಶೇಕಡಾ ಕಡಿಮೆ ಮಾಡಿಸಲು ವಕೀಲರನ್ನಿಟ್ಟು ವಾರಗಟ್ಟಲೆ ಚೌಕಾಸಿ ಮಾಡುವ ಕಂಪನಿ, ಈ 3 ಕೋಟಿಯ ಬಗ್ಗೆ ಚಕಾರವೆತ್ತುವುದಿಲ್ಲ.

ಕಾರಣ ಮನಸ್ಸಿನಲ್ಲಿದೆ. ಲಿಂಕ್ಡ್‌ಇನ್ ಮಾರಿದ ಷೇರು ಒಟ್ಟು ಷೇರುಗಳಲ್ಲಿ ಶೇ. 8ರಷ್ಟು ಮಾತ್ರ. 45 ಡಾಲರಿನಲ್ಲಿ ಇಡೀ ಕಂಪನಿಯ ಮೌಲ್ಯ ಸುಮಾರು 425 ಕೋಟಿ ಡಾಲರ್ ಆಗಿತ್ತು, ಮರುದಿನ ಸಂಜೆ ಅದು 890 ಕೋಟಿಯ ಹತ್ತಿರ. ಮೊದಲ ಬ್ಯಾಂಡ್ ನೋಡಿ ‘ನನ್ನ ಪಾಲು ಇಷ್ಟು ಬೆಲೆಬಾಳಬಹುದು’ ಎಂದು ಮನಸ್ಸಿನಲ್ಲಿ ಲೆಕ್ಕ ಹಾಕಿಕೊಂಡಿದ್ದ ಹಳೆಯ ಷೇರುದಾರನಿಗೆ ಒಂದು ವಾರದಲ್ಲಿ ಅದು ಸುಮಾರು ಮೂರು ಪಟ್ಟಾಗಿದೆ. ಆ ಸಂತೋಷದ ಪಕ್ಕದಲ್ಲಿ, ಮಾರಿದ ಚೂರಿನ ಮೇಲೆ ಕೈತಪ್ಪಿದ ಹಣ ಕಣ್ಣಿಗೇ ಬೀಳುವುದಿಲ್ಲ. ಇಬ್ಬರು ಪ್ರಾಧ್ಯಾಪಕರ ವಾದದ ಸಾರ ಇದೇ: ನಷ್ಟದ ಸುದ್ದಿ ಯಾವಾಗಲೂ ಅದಕ್ಕಿಂತ ದೊಡ್ಡ ಲಾಭದ ಸುದ್ದಿಯ ಜೊತೆಗೇ ಬರುತ್ತದೆ. ಬ್ಯಾಂಕಿಗೆ ಇದು ಗೊತ್ತು. ಮೊದಲ ಬ್ಯಾಂಡನ್ನು ತಗ್ಗಿಸಿ ಹೇಳಿ, ಆಮೇಲೆ ಏರಿಸುತ್ತಾ ಹೋದರೆ ಮಾರುವವನು ಪ್ರತಿ ಹೆಜ್ಜೆಗೂ ಧನ್ಯವಾದ ಹೇಳುತ್ತಾನೆ.

ಮಾತಿನ ನಡುವೆ ಸಭಿಕರೊಬ್ಬರು ‘ಹರಾಜು ಹಾಕಿದರೆ ಆಗದೇ?’ ಎಂದು ಕೇಳಿದರು. ಗೂಗಲ್ 2004ರ ಆಗಸ್ಟ್‌ನಲ್ಲಿ ಮಾಡಿದ್ದು ಅದನ್ನೇ. ಯಾರು ಬೇಕಾದರೂ ಬಿಡ್ ಹಾಕಬಹುದಿತ್ತು, ಗೆದ್ದವರಿಗೆಲ್ಲ ಒಂದೇ ಬೆಲೆ. 108ರಿಂದ 135 ಎಂದಿದ್ದ ಬ್ಯಾಂಡನ್ನು 85ರಿಂದ 95ಕ್ಕೆ ಇಳಿಸಿ, ಕೊನೆಗೆ 85ಕ್ಕೆ ಮಾರಿದರು. ಮೊದಲ ದಿನ 100.34ಕ್ಕೆ ಮುಗಿಯಿತು, ಶೇ. 18 ಏರಿಕೆ. ಅಂತರ ಹೋಗಲಿಲ್ಲ. ಹರಾಜಿನ ತೊಡಕು ಏನೆಂದರೆ, ಅಲ್ಲಿ ಕಷ್ಟಪಟ್ಟು ಅಧ್ಯಯನ ಮಾಡಿದವರಿಗೆ ವಿಶೇಷ ಪಾಲಿಲ್ಲ. ಎಲ್ಲರೂ ಬೇರೆಯವರು ಅಧ್ಯಯನ ಮಾಡಲಿ, ತಾವು ಬಿಡ್ ಹಾಕಿದರಾಯಿತು ಎಂದು ಕೂತರೆ ಬೆಲೆಯ ಹಿಂದೆ ಯಾರ ಶ್ರಮವೂ ಇರುವುದಿಲ್ಲ. ಇಷ್ಟು ದೊಡ್ಡ, ಎಲ್ಲರಿಗೂ ಗೊತ್ತಿರುವ ಕಂಪನಿಗೆ ಹರಾಜು ನಡೆಯಬಹುದು. ಯಾರೂ ಕೇಳಿರದ ಕಂಪನಿಯ ಷೇರನ್ನು ಹರಾಜಿಗಿಟ್ಟರೆ ಬಿಡ್ ಹಾಕುವವರು ಎಷ್ಟು ಜನ ಬರುತ್ತಾರೆಂಬುದೇ ಗೊತ್ತಾಗುವುದಿಲ್ಲ.

ಸಣ್ಣ ಹೂಡಿಕೆದಾರರ ಬಗ್ಗೆಯೂ ಒಬ್ಬರು ಕೇಳಿದರು: ಸರಾಸರಿ ಏರಿಕೆ ಶೇ. 15 ಎಂದಾದರೆ ಎಲ್ಲ ಐಪಿಒಗಳಿಗೂ ಅರ್ಜಿ ಹಾಕಿಬಿಟ್ಟರೆ ಸಾಕಲ್ಲವೇ? ಇಲ್ಲ. ಎರಡು ನೀಡಿಕೆಗಳನ್ನು ತೆಗೆದುಕೊಳ್ಳಿ. ಒಂದು ಶೇ. 30 ಏರುತ್ತದೆ, ಇನ್ನೊಂದು ಶೇ. 10 ಇಳಿಯುತ್ತದೆ. ಸರಾಸರಿ ಶೇ. 10 ಲಾಭ. ನೀವು ಎರಡಕ್ಕೂ ತಲಾ 1,000 ಡಾಲರಿಗೆ ಅರ್ಜಿ ಹಾಕಿದಿರಿ. ಒಳ್ಳೆಯದಕ್ಕೆ ಬಲ್ಲವರೆಲ್ಲ ಮುಗಿಬಿದ್ದಿದ್ದರಿಂದ ನಿಮಗೆ ಸಿಕ್ಕಿದ್ದು ಹತ್ತನೇ ಒಂದು ಪಾಲು, 100 ಡಾಲರಿನ ಷೇರು. ಲಾಭ 30. ಕೆಟ್ಟದ್ದರಿಂದ ಬಲ್ಲವರು ದೂರ ನಿಂತರು, ನಿಮಗೆ ಪೂರ್ತಿ 1,000 ಡಾಲರಿನದೂ ಸಿಕ್ಕಿತು. ನಷ್ಟ 100. ಕೊನೆಗೆ 70 ಡಾಲರ್ ಕಳೆದುಕೊಂಡಿರಿ. ಕೇಳಿದಷ್ಟೂ ಸಿಕ್ಕಾಗಲೇ ಹೆದರಬೇಕಾದ ಪೇಟೆ ಇದು. ಕೆವಿನ್ ರಾಕ್ 1986ರಲ್ಲಿ ಇದನ್ನು ವಿವರಿಸಿ, ಹೀಗೆ ಸೋಲುವ ಸಾಮಾನ್ಯರು ಪೇಟೆ ಬಿಟ್ಟು ಹೋಗದಂತೆ ತಡೆಯಬೇಕಾದರೆ ಎಲ್ಲ ನೀಡಿಕೆಗಳ ಬೆಲೆಯನ್ನೂ ಒಂದಿಷ್ಟು ತಗ್ಗಿಸಲೇಬೇಕಾಗುತ್ತದೆ ಎಂದು ವಾದಿಸಿದರು.

ಮೊದಲ ದಿನದ ಮುಕ್ತಾಯದ ಬೆಲೆಯನ್ನು ನಾವೆಲ್ಲ ಅಳತೆಗೋಲಾಗಿ ಬಳಸುತ್ತೇವೆ. ಅದೂ ಕೆಲವೊಮ್ಮೆ ಸುಳ್ಳು ಹೇಳುತ್ತದೆ. ಫೇಸ್‌ಬುಕ್ 2012ರ ಮೇ 18ರಂದು 38 ಡಾಲರಿಗೆ ಬಂದು 38.23ಕ್ಕೆ ಮುಗಿಯಿತು. ಕಾಗದದ ಮೇಲೆ ಇದು ಅತ್ಯಂತ ಕರಾರುವಾಕ್ಕಾದ ಬೆಲೆ. ಆದರೆ ಆ ಬೆಲೆಯನ್ನು ಬ್ಯಾಂಕುಗಳು ಕೈಹಿಡಿದು ನಿಲ್ಲಿಸಿದ್ದವು. ಅದಕ್ಕೆ ಬಳಸುವ ಉಪಾಯದ ಹೆಸರು ಗ್ರೀನ್ ಶೂ, ಅದನ್ನು ಮೊದಲು ಬಳಸಿದ ಕಂಪನಿಯ ಹೆಸರಿನಿಂದಲೇ ಬಂದದ್ದು. ಫೇಸ್‌ಬುಕ್ ನೀಡಿಕೆ ಸುಮಾರು 42.1 ಕೋಟಿ ಷೇರಿನದು. ಅದರ ಮೇಲೆ ಶೇ. 15, ಅಂದರೆ ಇನ್ನೂ ಸುಮಾರು 6.3 ಕೋಟಿ ಷೇರುಗಳನ್ನು ಹೆಚ್ಚುವರಿಯಾಗಿ ಹಂಚುವ ಅವಕಾಶ ಬ್ಯಾಂಕುಗಳಿಗಿತ್ತು. ಹೀಗೆ ಇಲ್ಲದ ಷೇರು ಮಾರಿದ ಮೇಲೆ ಅದನ್ನು ಎಲ್ಲಿಂದಲಾದರೂ ತರಬೇಕು. ಬೆಲೆ ಏರಿದರೆ ಕಂಪನಿ ಮತ್ತು ಷೇರು ಮಾರುತ್ತಿರುವ ಅದರ ಹಳೆಯ ಷೇರುದಾರರಿಂದಲೇ ನೀಡಿಕೆ ಬೆಲೆಗೆ ತೆಗೆದುಕೊಳ್ಳುವ ಹಕ್ಕು ಬ್ಯಾಂಕುಗಳಿಗಿದೆ. ಬೆಲೆ ಕುಸಿಯತೊಡಗಿದರೆ ಪೇಟೆಯಲ್ಲೇ ಕೊಂಡು ತೀರಿಸುತ್ತಾರೆ, ಆ ಕೊಳ್ಳುವಿಕೆಯೇ ಬೆಲೆಗೆ ಊರುಗೋಲು. ಊರುಗೋಲು ತೆಗೆದ ಮೇಲೆ, ಮುಂದಿನ ವಹಿವಾಟಿನ ದಿನವೇ ಷೇರು 34.03ಕ್ಕೆ ಇಳಿಯಿತು. ಸೆಪ್ಟೆಂಬರ್ ಆರಂಭಕ್ಕೆ 17.73. ಆದ್ದರಿಂದ ಮೊದಲ ದಿನ ನೀಡಿಕೆ ಬೆಲೆಗೆ ಅಂಟಿಕೊಂಡಂತೆ ನಿಂತ ಷೇರನ್ನು ಕಂಡರೆ ‘ಸರಿಯಾದ ಬೆಲೆ’ ಎಂದು ತೀರ್ಮಾನಿಸುವ ಮೊದಲು ಒಂದು ತಿಂಗಳು ಕಾಯಿರಿ.

ಕೊನೆಯ ಪ್ರಶ್ನೆ ಒಬ್ಬ ಯುವ ಉದ್ಯಮಿಯದು. ತಮ್ಮ ಕಂಪನಿ ಇನ್ನೆರಡು ವರ್ಷದಲ್ಲಿ ಐಪಿಒಗೆ ಹೋಗಬಹುದು, ಬ್ಯಾಂಕಿನವರ ಮುಂದೆ ಏನು ಕೇಳಬೇಕು ಎಂದರು. ನನ್ನ ಉತ್ತರ ಹೀಗಿತ್ತು. ಬೆಲೆ ನಿಗದಿಯ ಸಂಜೆ ‘ಬುಕ್ ಎಷ್ಟು ಪಟ್ಟು ತುಂಬಿದೆ’ ಎಂಬ ಒಂದೇ ಸಂಖ್ಯೆಗೆ ತೃಪ್ತರಾಗಬೇಡಿ, ಸಾಲು ಸಾಲಾಗಿ ಬುಕ್ ತೋರಿಸಿ ಎನ್ನಿ. ಬೆಲೆಯ ಮಿತಿ ಹಾಕಿದವರು ಯಾರು, ಹಾಕದವರು ಯಾರು, ರೋಡ್ ಶೋನಲ್ಲಿ ನಿಮ್ಮೆದುರು ಕೂತು ಕಷ್ಟದ ಪ್ರಶ್ನೆ ಕೇಳಿದವರು ಎಷ್ಟು ಬರೆಸಿದ್ದಾರೆ, ನೋಡಿ. ಹಂಚಿಕೆಯ ಪಟ್ಟಿಯನ್ನು ಅದರ ಪಕ್ಕದಲ್ಲಿಟ್ಟು ಹೋಲಿಸಿ. ನಿಮ್ಮ ಕಂಪನಿಯ ಹೆಸರನ್ನೇ ಸರಿಯಾಗಿ ಅರಿಯದವರಿಗೆ ದೊಡ್ಡ ಪಾಲು ಹೋಗಿದ್ದರೆ ಕಾರಣ ಕೇಳುವ ಹಕ್ಕು ನಿಮಗಿದೆ, ಏಕೆಂದರೆ ಆ ಪಾಲಿನ ಹಣ ನಿಮ್ಮದು. ಬ್ಯಾಂಕನ್ನು ಆಯ್ಕೆ ಮಾಡುವ ಮೊದಲು, ಅದು ನಡೆಸಿದ ಹಿಂದಿನ ಹತ್ತು ನೀಡಿಕೆಗಳ ಮೂಲ ಬ್ಯಾಂಡ್, ಅಂತಿಮ ಬೆಲೆ, ಮೊದಲ ದಿನದ ಮುಕ್ತಾಯ, ತಿಂಗಳ ನಂತರದ ಬೆಲೆ, ಈ ನಾಲ್ಕನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಶುಲ್ಕದ ಚೌಕಾಸಿಗೆ ಕೂರುವಾಗ ಆ ಹಾಳೆ ಮೇಜಿನ ಮೇಲಿರಲಿ.